ಬಣ್ಣ ನೋಡಿ ಬೆಲ್ಲ ಮಾರಬೇಡಿ: ದಿನಸಿ ಅಂಗಡಿಯ ಯಜಮಾನರಿಗೊಂದು ಬಹಿರಂಗ ಪತ್ರ



ನಿಮ್ಮಲ್ಲಿ ಹೆಚ್ಚಿನವರ ಅಂಗಡಿಯಲ್ಲಿ ಈಗ ಎರಡು ಬಗೆಯ ಬೆಲ್ಲ ಪಕ್ಕಪಕ್ಕದಲ್ಲೇ ಕೂತಿರುತ್ತದೆ. ಒಂದು ಹೊಂಬಣ್ಣದ ಅಚ್ಚು ಬೆಲ್ಲ ಇಲ್ಲವೇ ಬಕೆಟ್ ಬೆಲ್ಲ. ಇನ್ನೊಂದು ಕಡುಗಂದು ಬಣ್ಣದ್ದು, ಪ್ಯಾಕೆಟ್ಟಿನ ಮೇಲೆ ‘ಸಾವಯವ’ ಎಂದೋ ‘ಕೆಮಿಕಲ್ ಹಾಕದ್ದು’ ಎಂದೋ ಬರೆದಿರುತ್ತದೆ, ಬೆಲೆಯೂ ಹೆಚ್ಚು. ಗಿರಾಕಿ ಎರಡನ್ನೂ ನೋಡಿ ‘ಯಾವುದು ಒಳ್ಳೇದು ಕೊಡಿ’ ಅನ್ನುತ್ತಾರೆ. ನೀವು ಹೇಳುವ ಉತ್ತರವೂ ಈಗ ಬಾಯಿಪಾಠವಾಗಿಬಿಟ್ಟಿದೆ: ‘ಬೆಳ್ಳಗಿರೋದು ಪೌಡರ್ ಹಾಕಿದ್ದು, ಕಪ್ಪಗಿರೋದು ಅಸಲಿ.’

ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಬೆಳೆದು, ಆಮೇಲೆ ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡಿದವನು ನಾನು. ಈ ಉತ್ತರದ ಮೊದಲ ಅರ್ಧ ಬಹುಮಟ್ಟಿಗೆ ಸರಿ, ಎರಡನೆಯ ಅರ್ಧ ತಪ್ಪು ಎನ್ನುವುದು ನನ್ನ ವಾದ. ತೀರಾ ಬೆಳ್ಳಗಿನ ಬೆಲ್ಲದ ಮೇಲೆ ಅನುಮಾನ ಪಡುವುದಕ್ಕೆ ಕಾರಣ ಇದೆ. ಆದರೆ ಕಪ್ಪು ಬಣ್ಣ ಯಾವುದಕ್ಕೂ ಸಾಕ್ಷಿಯಲ್ಲ. ಕಪ್ಪಿಗೆ ಬೆಲೆ ಬಂದ ದಿನದಿಂದ ಕಪ್ಪು ಮಾಡುವುದೂ ಒಂದು ವ್ಯಾಪಾರವಾಗುತ್ತದೆ. ಗಿರಾಕಿ ಬಣ್ಣ ಕೇಳುವುದನ್ನು ನಿಲ್ಲಿಸಬೇಕಾದರೆ ಮೊದಲು ನೀವು ಬಣ್ಣ ನೋಡಿ ಮಾರುವುದನ್ನು ನಿಲ್ಲಿಸಬೇಕು. ಅದಕ್ಕೇ ಈ ಪತ್ರ ಗಿರಾಕಿಗಳಿಗಲ್ಲ, ನಿಮಗೆ.

ಬಣ್ಣ ಎಲ್ಲಿಂದ ಬರುತ್ತದೆ ಎನ್ನುವುದನ್ನು ಕೊಪ್ಪರಿಗೆಯ ಹತ್ತಿರ ನಿಂತು ನೋಡೋಣ. ಗಾಣದಿಂದ ಬರುವ ಕಬ್ಬಿನ ರಸ ಬೂದು ಮಿಶ್ರಿತ ಹಸಿರು, ಸ್ವಲ್ಪ ಹುಳಿ. ಅದರ ಪಿಎಚ್ ಸುಮಾರು ಐದೂಕಾಲರ ಆಸುಪಾಸು. ಅದರಲ್ಲಿ ಸಕ್ಕರೆಯಷ್ಟೇ ಇರುವುದಿಲ್ಲ. ಮೇಣ, ಪ್ರೋಟೀನು, ಮಣ್ಣಿನ ಕಣ, ಸಿಪ್ಪೆಯ ಚೂರು, ಚಹಾಪುಡಿಯಲ್ಲಿರುವಂಥ ಒಗರು ವಸ್ತುಗಳು ಎಲ್ಲವೂ ಇರುತ್ತವೆ. ಈ ಒಗರು ವಸ್ತುಗಳು ಗಾಳಿ ತಾಗಿದೊಡನೆ ಕಪ್ಪಾಗುತ್ತವೆ, ಗಾಣದ ಉರುಳೆಯ ಕಬ್ಬಿಣ ಸೇರಿದರೆ ಇನ್ನೂ ಕಪ್ಪು. ಆಮೇಲೆ ಕುದಿಯುವಾಗ ಪ್ರೋಟೀನಿನ ತುಣುಕುಗಳೂ ಒಡೆದ ಸಕ್ಕರೆಯೂ ಸೇರಿ ಕಂದು ಬಣ್ಣ ಹುಟ್ಟುತ್ತದೆ. ರೊಟ್ಟಿ ಬೇಯುವಾಗ ಮೈ ಕಂದಾಗುವುದೂ ಇದೇ ರೀತಿಯಲ್ಲಿ. ಪಾಕ ಹದಕ್ಕೆ ಬರುವ ಹೊತ್ತಿಗೆ ಉಷ್ಣತೆ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿರುತ್ತದೆ. ಅಲ್ಲಿ ಬೆಂಕಿ ಸ್ವಲ್ಪ ಜಾಸ್ತಿಯಾದರೆ ತಳ ಹಿಡಿದು ಇಡೀ ಕೊಪ್ಪರಿಗೆ ಕರ್ರಗಾಗುತ್ತದೆ. ಮಲೆನಾಡಿನ ಜೋನಿ ಬೆಲ್ಲವನ್ನು 105-106 ಡಿಗ್ರಿಗೇ ಇಳಿಸಿಬಿಡುತ್ತಾರೆ. ಅದು ನೀರಾಗಿಯೇ ಉಳಿಯುವುದು ಅದಕ್ಕೆ, ತಿಳಿಯಾಗಿ ಕಾಣುವುದಕ್ಕೂ ಅದೊಂದು ಕಾರಣ.

ಹಾಗಾಗಿ ಒಳ್ಳೆಯ ಆಲೆಮನೆಯವನ ಅರ್ಧ ಕೆಲಸ ಈ ಕಲ್ಮಶ ತೆಗೆಯುವುದೇ. ರಸ ಬಿಸಿಯಾಗುತ್ತಿರುವಾಗಲೇ ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೆನೆಸಿದ ಲೋಳೆ ಹಾಕುತ್ತಾರೆ. ಆ ಲೋಳೆ ಕಲ್ಮಶವನ್ನೆಲ್ಲ ಹಿಡಿದುಕೊಂಡು ಮಡ್ಡಿಯಾಗಿ ಮೇಲೆ ತೇಲಿಸುತ್ತದೆ. ಅದನ್ನು ಜರಡಿಯಲ್ಲಿ ಬಾಚಿ ತೆಗೆಯಬೇಕು. ಸುಣ್ಣದ ತಿಳಿನೀರು ಹಾಕುತ್ತಾರೆ, ಹುಳಿ ಮುರಿಯುವುದಕ್ಕೆ. ಹುಳಿ ಹೆಚ್ಚಿದ್ದರೆ ಕುದಿಯುವಾಗ ಸಕ್ಕರೆ ಒಡೆದು ಬೆಲ್ಲ ಗಟ್ಟಿ ಕೂರುವುದಿಲ್ಲ. ಸುಣ್ಣವೂ ಅತಿಯಾದರೆ ಒಡೆದ ಸಕ್ಕರೆ ಸುಟ್ಟಂತಾಗಿ ಬೆಲ್ಲ ಕಪ್ಪಾಗುತ್ತದೆ, ರುಚಿಯಲ್ಲೂ ಒಂದು ಬಗೆಯ ಒರಟುತನ ಬರುತ್ತದೆ. ನೊರೆ ಉಕ್ಕದಂತೆ ಒಂದಿಷ್ಟು ಹರಳೆಣ್ಣೆ. ಇಷ್ಟು ಹಳೆಯ ಕ್ರಮ. ಸುಣ್ಣ ಹಾಕಿದ ಬೆಲ್ಲವನ್ನು ‘ಕೆಮಿಕಲ್ ಬೆಲ್ಲ’ ಎಂದು ಕರೆಯುವುದಾದರೆ ನಮ್ಮ ಅಜ್ಜಂದಿರು ಮಾಡಿದ ಬೆಲ್ಲವೆಲ್ಲ ಕೆಮಿಕಲ್ ಬೆಲ್ಲವೇ. ಆ ಮಾತನ್ನು ಪ್ಯಾಕೆಟ್ಟಿನವರಿಗೇ ಬಿಡಿ.

ಬಲಿತ ಕಬ್ಬು, ಕಡಿದ ದಿನವೇ ಅರೆದದ್ದು, ಸುಳಿ ತೆಗೆದದ್ದು, ಯೂರಿಯಾ ಮಿತಿಯಲ್ಲಿ ಹಾಕಿದ ಗದ್ದೆಯದ್ದು, ಮಡ್ಡಿ ಚೆನ್ನಾಗಿ ಬಾಚಿದ್ದು: ಇಷ್ಟೂ ಕೂಡಿದರೆ ಯಾವ ಪೌಡರೂ ಇಲ್ಲದೆ ತಿಳಿ ಜೇನಿನ ಬಣ್ಣದ ಬೆಲ್ಲ ಬರುತ್ತದೆ. ಬಣ್ಣ ತಿಳಿಯಾಗಿದೆ ಎಂದಾಕ್ಷಣ ಆ ಆಲೆಮನೆಯವನನ್ನು ಕಳ್ಳ ಅನ್ನುವುದು ಅನ್ಯಾಯ. ಇನ್ನೊಂದು ಕಡೆ, ಎಳೆಯ ಕಬ್ಬು, ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬು, ಚೌಳು ನೆಲದ ಕಬ್ಬು, ಬಾಚದೆ ಬಿಟ್ಟ ಮಡ್ಡಿ, ತಳ ಹಿಡಿದ ಪಾಕ, ಕಳೆದ ವರ್ಷ ನೀರು ಬಿಟ್ಟು ಹಾಳಾದ ಬೆಲ್ಲವನ್ನು ಮತ್ತೆ ಕರಗಿಸಿ ಹೊಯ್ದದ್ದು, ಇವೆಲ್ಲವೂ ಕಪ್ಪು ಬೆಲ್ಲವನ್ನೇ ಕೊಡುತ್ತವೆ. ನಿಮ್ಮ ಅಂಗಡಿಯ ‘ಅಸಲಿ’ ಡಬ್ಬಿಯಲ್ಲಿ ಇವುಗಳಲ್ಲಿ ಯಾವುದಿದೆ ಎಂದು ಬಣ್ಣ ಹೇಳುವುದಿಲ್ಲ.

ಇನ್ನು ಪೌಡರಿನ ವಿಷಯ. ಆಲೆಮನೆಯಲ್ಲಿ ‘ಹೈಡ್ರೋಸ್’ ಎಂದು ಕರೆಯುವ ಬಿಳಿ ಪುಡಿ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವವರೂ ಬಳಸುವ ವಸ್ತು. ಇದನ್ನು ಕುದಿಯ ಮೊದಲಿಗೆ ಹಾಕಿದರೆ ಕಾವಿಗೆ ಕೆಟ್ಟುಹೋಗುತ್ತದೆ. ಅದಕ್ಕೇ ಪಾಕ ಇಳಿಸುವ ಹೊತ್ತಿಗೆ ಹಾಕಿ ತಿರುಗಿಸುತ್ತಾರೆ. ಕಣ್ಣೆದುರಲ್ಲೇ ಕಂದು ಪಾಕ ಹಳದಿಗೆ ತಿರುಗುತ್ತದೆ, ಬೆಂಕಿಕಡ್ಡಿ ಗೀರಿದಾಗ ಬರುವಂಥ ಘಾಟು ಮೂಗಿಗೆ ಬಡಿಯುತ್ತದೆ. ಇದರ ಕೆಲಸದ ರೀತಿ ನಿಮಗೆ ಗೊತ್ತಿರಬೇಕು, ಯಾಕೆಂದರೆ ಅದರಿಂದ ನಿಮಗೇ ನಷ್ಟ. ಹೈಡ್ರೋಸ್ ಕಲ್ಮಶವನ್ನು ತೆಗೆಯುವುದಿಲ್ಲ. ಬಣ್ಣದ ವಸ್ತುಗಳನ್ನು ಬಣ್ಣವಿಲ್ಲದ ರೂಪಕ್ಕೆ ತಿರುಗಿಸುತ್ತದೆ, ಅಷ್ಟೇ. ಅವು ಬೆಲ್ಲದಲ್ಲೇ ಇರುತ್ತವೆ. ಗಾಳಿ, ತೇವ ತಾಗುತ್ತಾ ಹೋದಂತೆ ಅವು ಮತ್ತೆ ಬಣ್ಣಕ್ಕೆ ಬರುತ್ತವೆ. ಮಂಡಿಯಲ್ಲಿ ಚಿನ್ನದಂತಿದ್ದ ಲಾಟು ಮಳೆಗಾಲದ ಹೊತ್ತಿಗೆ ನಿಮ್ಮ ಗೋಡೌನಿನಲ್ಲಿ ಮಾಸಲು ಕಂದಾಗಿ, ಗಿರಾಕಿ ಮೂಗು ಮುರಿಯುವಂತಾಗುವುದು ಹೀಗೆ. ಬೆಂಡೆ ಲೋಳೆಯಿಂದ ತಿಳಿ ಮಾಡಿದ ಬೆಲ್ಲವೂ ಸ್ವಲ್ಪ ಕಪ್ಪಾಗುತ್ತದೆ, ಆದರೆ ಕಪ್ಪಾಗುವ ವಸ್ತುವೇ ಅದರಲ್ಲಿ ಕಡಿಮೆ.

ಹೈಡ್ರೋಸ್ ಕೊನೆಗೆ ಬಿಟ್ಟುಹೋಗುವುದು ಗಂಧಕದ ಡೈಆಕ್ಸೈಡ್ ಎಂಬ ಶೇಷ. ಆಹಾರ ಸುರಕ್ಷತಾ ಪ್ರಾಧಿಕಾರ ಬೆಲ್ಲದಲ್ಲಿ ಇದಕ್ಕೆ ಇಟ್ಟಿರುವ ಮಿತಿ ಕಿಲೋಗೆ 70 ಮಿಲಿಗ್ರಾಂ. ಈ ಅಂಕಿ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎಂದು ಒಮ್ಮೆ ಲೆಕ್ಕ ಹಾಕೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.7 ಮಿಲಿಗ್ರಾಂ ತನಕ ತೊಂದರೆಯಿಲ್ಲ ಎಂದಿದೆ. ಅಂದರೆ 60 ಕಿಲೋ ತೂಗುವ ದೊಡ್ಡವರಿಗೆ 42 ಮಿಲಿಗ್ರಾಂ, 15 ಕಿಲೋ ಮಗುವಿಗೆ ಹತ್ತೂವರೆ. ಮಿತಿಯೊಳಗಿನ ಬೆಲ್ಲ 30 ಗ್ರಾಂ ತಿಂದರೆ ಒಳಗೆ ಹೋಗುವುದು ಎರಡು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು. ಹೆದರುವಂಥದ್ದೇನಲ್ಲ. ಆದರೆ ಕೈಯಳತೆಯಲ್ಲಿ ಪುಡಿ ಸುರಿದ ಲಾಟಿನಲ್ಲಿ ಕಿಲೋಗೆ 500 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಅದೇ 30 ಗ್ರಾಮಿನಲ್ಲಿ 15 ಮಿಲಿಗ್ರಾಂ. ದೊಡ್ಡವರಿಗೆ ಮಿತಿಯೊಳಗೇ ಆಯಿತು, ಮಗುವಿಗೆ ಮಿತಿ ದಾಟಿತು. ಗೂರಲು, ಉಬ್ಬಸ ಇರುವವರಲ್ಲಿ ಕೆಲವರಿಗೆ ಇದಕ್ಕಿಂತ ಕಡಿಮೆಯೂ ತೊಂದರೆ ಕೊಡಬಹುದು. ‘ವಿಷ’ ಎಂದು ಕೂಗುವವರೂ ‘ಏನೂ ಆಗಲ್ಲ ಬಿಡಿ’ ಅನ್ನುವವರೂ ಈ ಲೆಕ್ಕ ಮಾಡಿರುವುದಿಲ್ಲ.

ಹೈಡ್ರೋಸ್‌ಗಿಂತ ಕೆಟ್ಟದ್ದು ‘ಸ್ಯಾಫೋಲೈಟ್’ ಹೆಸರಲ್ಲಿ ಸಿಗುವ ಪುಡಿ. ಅದು ಬಟ್ಟೆಯ ಮೇಲೆ ಬಣ್ಣ ಅಚ್ಚು ಹಾಕುವ ಉದ್ಯಮದ್ದು, ಫಾರ್ಮಾಲ್ಡಿಹೈಡ್ ಸೇರಿದ ಸಂಯುಕ್ತ. ಆಹಾರದಲ್ಲಿ ಅದಕ್ಕೆ ಯಾವ ಪ್ರಮಾಣದಲ್ಲೂ ಜಾಗ ಇಲ್ಲ. ಹಳದಿ, ಕೇಸರಿ ಬಣ್ಣಗಳೂ ಅಷ್ಟೇ. ಕೃತಕ ಬಣ್ಣ ಹಾಕಬಹುದಾದ ತಿನಿಸುಗಳ ಪಟ್ಟಿ ಕಾನೂನಿನಲ್ಲಿದೆ, ಬೆಲ್ಲ ಆ ಪಟ್ಟಿಯಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಊರೆಲ್ಲ ಮಾತಾಡಿತು. ಬೆಲ್ಲದ ಬಣ್ಣದ ಬಗ್ಗೆ ಅಷ್ಟು ಮಾತು ಬರಲಿಲ್ಲ. ಬೆಲ್ಲ ದೇವರ ನೈವೇದ್ಯಕ್ಕೆ ಹೋಗುವ ವಸ್ತು, ಅದರಲ್ಲಿ ಯಾರು ತಾನೇ ಏನು ಹಾಕುತ್ತಾರೆ ಎಂಬ ನಂಬಿಕೆ ಅದಕ್ಕೆ ಕಾರಣವಿರಬೇಕು.

‘ಹಾಗಾದರೆ ಸಕ್ಕರೆಯೇ ವಾಸಿಯಲ್ಲವೇ’ ಎಂದು ನಿಮ್ಮಲ್ಲಿ ಒಬ್ಬರು ಕೇಳಿದ್ದರು. ಪ್ರಶ್ನೆ ಸರಿಯಾಗಿದೆ. ನೀವು ಮಾರುವ ಎಂ-30 ಸಕ್ಕರೆಯಲ್ಲಿ ಎಂ ಎನ್ನುವುದು ಹರಳಿನ ಗಾತ್ರ, 30 ಎನ್ನುವುದು ಬಿಳುಪಿನ ದರ್ಜೆ. ನಮ್ಮ ಹೆಚ್ಚಿನ ಕಾರ್ಖಾನೆಗಳು ಆ ಬಿಳುಪನ್ನು ತರುವುದು ಗಂಧಕ ಸುಟ್ಟ ಹೊಗೆಯಿಂದಲೇ: ರಸಕ್ಕೊಮ್ಮೆ ಸುಣ್ಣದ ಜತೆ, ಮಂದವಾದ ಪಾಕಕ್ಕೆ ಇನ್ನೊಮ್ಮೆ. ಆ ಸಕ್ಕರೆಗೂ ಮಿತಿ ಅದೇ 70 ಮಿಲಿಗ್ರಾಂ. ಆದರೂ ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಕಾರ್ಖಾನೆಯಲ್ಲಿ ಹರಳು ಕಟ್ಟಿದ ಮೇಲೆ ಅದನ್ನು ಜೋರಾಗಿ ಸುತ್ತುವ ಜಾಲರಿ ಡ್ರಮ್ಮಿನಲ್ಲಿ ಹಾಕಿ ಕಾಕಂಬಿಯನ್ನು ಹೊರಗೆ ಚಿಮ್ಮಿಸುತ್ತಾರೆ, ಹರಳನ್ನು ನೀರಿನಿಂದ ತೊಳೆಯುತ್ತಾರೆ. ಹಾಕಿದ್ದರಲ್ಲಿ ಬಹುಪಾಲು ಕಾಕಂಬಿಯ ಜತೆ ಹೋಗುತ್ತದೆ. ಆಲೆಮನೆಯಲ್ಲಿ ಆ ಡ್ರಮ್ಮಿಲ್ಲ. ಮಡ್ಡಿಯಲ್ಲಿ ಹೋದದ್ದು, ಆವಿಯಲ್ಲಿ ಹೋದದ್ದು ಬಿಟ್ಟರೆ ಕೊಪ್ಪರಿಗೆಗೆ ಬಿದ್ದದ್ದೆಲ್ಲ ಅಚ್ಚಿನೊಳಗೆ ಬಂದು ಕೂರುತ್ತದೆ. ಕಬ್ಬಿನ ಖನಿಜ, ಪರಿಮಳ ಉಳಿಯುವುದೂ ಅದರಿಂದಲೇ, ಪುಡಿಯ ಶೇಷ ಉಳಿಯುವುದೂ ಅದರಿಂದಲೇ. ಬೆಲ್ಲ ಮಾಡುವವನು ಸಕ್ಕರೆ ಕಾರ್ಖಾನೆಗಿಂತ ಹೆಚ್ಚು ಜಾಗ್ರತೆಯಾಗಿರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಂದು ಸಕ್ಕರೆಯ ಪ್ಯಾಕೆಟ್ಟನ್ನೂ ಒಮ್ಮೆ ಓದಿ ನೋಡಿ. ಎಷ್ಟೋ ಕಂದು ಸಕ್ಕರೆ ಬಿಳಿ ಸಕ್ಕರೆಗೇ ಕಾಕಂಬಿ ಹಚ್ಚಿ ಮಾಡಿದ್ದು. ಅದರಲ್ಲಿ ಮೋಸವಿಲ್ಲ, ಆದರೆ ಅದನ್ನು ಬೆಲ್ಲದ ತಮ್ಮ ಎಂದು ಮಾರಬೇಡಿ. ‘ಸಲ್ಫರ್ ರಹಿತ’ ಎಂದು ಬರೆದ ಬಿಳಿ ಸಕ್ಕರೆ ನಿಜವಾಗಿಯೂ ಬೇರೆ ದಾರಿಯಲ್ಲಿ ಶುದ್ಧವಾದದ್ದು. ಉಬ್ಬಸದವರು ಕೇಳಿದರೆ ಅದನ್ನು ಕೊಡಬಹುದು. ಇನ್ನು ಒಂದು ಮಾತನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ‘ಶುಗರ್ ಇದ್ದೋರು ಬೆಲ್ಲ ತಿನ್ನಬಹುದು, ಏನೂ ಆಗಲ್ಲ’ ಎನ್ನುವುದು. ಬೆಲ್ಲದಲ್ಲಿ ಹೆಚ್ಚಿನ ಪಾಲು ಅದೇ ಸಕ್ಕರೆ. ರಕ್ತದಲ್ಲಿ ಸಕ್ಕರೆ ಏರಿಸುವ ವಿಷಯದಲ್ಲಿ ಅದು ಬಿಳಿ ಸಕ್ಕರೆಯ ಸಮಕ್ಕೇ ನಿಲ್ಲುತ್ತದೆ. ತಾಳೆ ಬೆಲ್ಲ, ತೆಂಗಿನ ಸಕ್ಕರೆ ಕೊಡುವಾಗಲೂ ಆ ಭರವಸೆ ಕೊಡಬೇಡಿ.

ಈಗ ಅಂಗಡಿಯಲ್ಲಿ ಏನು ನೋಡಬಹುದು ಎನ್ನುವುದಕ್ಕೆ ಬರುತ್ತೇನೆ. ಒಂದು ಹೊಸ ಲಾಟು ಬಂದಿದೆ ಎಂದಿಟ್ಟುಕೊಳ್ಳಿ: ಹೊಂಬಣ್ಣದ ಅಚ್ಚು ಬೆಲ್ಲದ ಒಂದು ಮೂಟೆ, ಕಪ್ಪು ಪುಡಿ ಬೆಲ್ಲದ ಒಂದು ಪೆಟ್ಟಿಗೆ. ಮೂಟೆಯಿಂದ ಒಂದು ಅಚ್ಚು ತೆಗೆದು ನಡುವೆ ಒಡೆಯಿರಿ. ಹೊರಮೈಗಿಂತ ಒಳಮೈ ಸ್ವಲ್ಪ ತಿಳಿಯಾಗಿರುವುದು ಸಹಜ. ಆದರೆ ಹೊರಗೆ ಕಂದು, ಒಳಗೆ ಇದ್ದಕ್ಕಿದ್ದಂತೆ ಬೆಣ್ಣೆಯ ಬಣ್ಣ, ನಡುವೆ ಗೆರೆ ಎಳೆದಂತೆ ಇದ್ದರೆ ಅದು ಪುಡಿ ಹಾಕಿದ ಬೆಲ್ಲ ಗಾಳಿ ತಾಗಿ ಮರಳಿ ಕಪ್ಪಾಗುತ್ತಿರುವ ಸೂಚನೆ. ಒಡೆದ ಮೈಯಲ್ಲಿ ಮಿನುಗುವ ಕಾಳು ಕಾಳು ಹರಳು ತುಂಬ ಕಂಡರೆ, ಅಚ್ಚು ಕಲ್ಲಿನಂತೆ ಗಟ್ಟಿಯಾಗಿದ್ದರೆ, ಸಕ್ಕರೆ ಬೆರೆತಿರಬಹುದು. ಸಕ್ಕರೆ ಅಗ್ಗವಾಗಿ ಬೆಲ್ಲ ತುಟ್ಟಿಯಾದ ತಿಂಗಳುಗಳಲ್ಲಿ ಕೊಪ್ಪರಿಗೆಗೆ ಹಾಳಾದ ಸಕ್ಕರೆ ಸುರಿಯುವುದು ಮಂಡ್ಯ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ಆಮೇಲೆ 20 ಗ್ರಾಂ ಬೆಲ್ಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿ ಗಾಜಿನ ಲೋಟದಲ್ಲಿ ಅರ್ಧ ಗಂಟೆ ಬಿಡಿ. ತಳದಲ್ಲಿ ಕಂದು ಬಣ್ಣದ ನವಿರಾದ ಗಸಿ, ಒಂದೆರಡು ಸಿಪ್ಪೆ ಚೂರು ಇರುವುದು ತಪ್ಪಲ್ಲ. ಬಿಳಿಯ ಪುಡಿ ಕೂತರೆ ಸೀಮೆಸುಣ್ಣ ಇಲ್ಲವೇ ಅತಿ ಸುಣ್ಣದ ಅನುಮಾನ. ಆ ಗಸಿಯ ಮೇಲೆ ನಿಂಬೆರಸ ಬಿಟ್ಟಾಗ ಗುಳ್ಳೆ ಎದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮರಳು ಕೂತರೆ ಅದಕ್ಕೆ ಪರೀಕ್ಷೆಯೇ ಬೇಡ. ಲೋಟವನ್ನು ಸ್ವಲ್ಪ ಬಿಸಿ ಮಾಡಿ ನಿಂಬೆರಸ ಹಿಂಡಿ ಮೂಗಿನ ಹತ್ತಿರ ತನ್ನಿ. ಹೈಡ್ರೋಸ್ ತೀರಾ ಹೆಚ್ಚಿದ್ದರೆ ಆ ಬೆಂಕಿಕಡ್ಡಿಯ ಘಾಟು ಬರುತ್ತದೆ. ಬಾರದಿದ್ದರೆ ಇಲ್ಲ ಎಂದು ತಿಳಿಯಬೇಡಿ, ಮೂಗಿಗೆ ಸಿಗುವುದು ದೊಡ್ಡ ಪ್ರಮಾಣ ಮಾತ್ರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿಗೆ ಸಲ್ಫೈಟ್ ಪಟ್ಟಿ ಸಿಗುತ್ತದೆ. ಲ್ಯಾಬಿನ ಸಾಮಾನು ಮಾರುವವರಲ್ಲಿ ಕೇಳಿ. ಅದನ್ನು ಬೆಲ್ಲದ ನೀರಿನಲ್ಲಿ ಅದ್ದಿ ತೆಗೆದು ಬಣ್ಣವನ್ನು ಡಬ್ಬಿಯ ಮೇಲಿನ ಮನೆಗಳಿಗೆ ಹೋಲಿಸುವುದು. ಮೇಲೆ ಹೇಳಿದ ಅಳತೆಯಲ್ಲಿ ಬೆಲ್ಲ ಐದು ಪಟ್ಟು ತೆಳುವಾಗಿರುವುದರಿಂದ ಪಟ್ಟಿ ತೋರಿಸಿದ ಅಂಕಿಯನ್ನು ಐದರಿಂದ ಗುಣಿಸಬೇಕು. ಪಟ್ಟಿ 10 ಎಂದರೆ ಬೆಲ್ಲದಲ್ಲಿ ಕಿಲೋಗೆ ಸುಮಾರು 50, ಮಿತಿಯೊಳಗೆ. ಪಟ್ಟಿ 40 ಎಂದರೆ 200, ಆ ಮೂಟೆಯನ್ನು ಬಿಚ್ಚಿ ಮಾರಬೇಡಿ. ಇಲ್ಲಿ ಎರಡು ತೊಡಕಿದೆ. ಶೇಷದಲ್ಲಿ ಒಂದು ಪಾಲು ಸಕ್ಕರೆಗೆ ಅಂಟಿಕೊಂಡಿರುತ್ತದೆ, ಪಟ್ಟಿಗೆ ಕಾಣುವುದಿಲ್ಲ. ಬೆಲ್ಲ ಹಳೆಯದಾದಂತೆ ಒಂದಿಷ್ಟು ಗಾಳಿಗೆ ಸೇರಿ ಸಲ್ಫೇಟ್ ಆಗಿಬಿಡುತ್ತದೆ. ಅದಕ್ಕೇ ಪಟ್ಟಿ ‘ಇದೆ’ ಎಂದರೆ ನಂಬಬಹುದು, ‘ಇಲ್ಲ’ ಎಂದರೆ ಪೂರ್ತಿ ನಂಬಲಾಗದು. ಲಾಟು ಬಂದ ವಾರದಲ್ಲೇ ನೋಡುವುದು ಒಳ್ಳೆಯದು. ಲ್ಯಾಬಿನಲ್ಲಾದರೆ ಬೆಲ್ಲದ ನೀರಿಗೆ ಆಮ್ಲ ಹಾಕಿ ಕುದಿಸಿ, ಏಳುವ ಅನಿಲವನ್ನು ಹೈಡ್ರೋಜನ್ ಪೆರಾಕ್ಸೈಡ್ ನೀರಿನಲ್ಲಿ ಹಿಡಿದು ಅಳೆಯುತ್ತಾರೆ. ಅಂಟಿಕೊಂಡದ್ದೂ ಆಗ ಬಿಟ್ಟುಬರುತ್ತದೆ.

ಈಗ ಕಪ್ಪು ಪುಡಿ ಬೆಲ್ಲದ ಪೆಟ್ಟಿಗೆ. ಪುಡಿಯನ್ನು ಕಣ್ಣಲ್ಲಿ ಪರೀಕ್ಷಿಸುವುದು ಕಷ್ಟ, ಸಕ್ಕರೆ ಬೆರೆಸಿ ಬಚ್ಚಿಡುವುದಕ್ಕೆ ಅದಕ್ಕಿಂತ ಅನುಕೂಲದ ರೂಪ ಇನ್ನೊಂದಿಲ್ಲ. ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿ. ಬೆಲ್ಲದ ಪುಡಿ ಮಬ್ಬು ಮಬ್ಬಾದ ಉಂಡೆ ಉಂಡೆ, ಸಕ್ಕರೆ ಹರಳಿಗೆ ಚೂಪು ಅಂಚು, ಒಳಗೆ ಬೆಳಕು ಹಾಯುತ್ತದೆ. ಇದಕ್ಕೆ ಬಣ್ಣ ಹಾಕಿದ್ದಾರೆಯೇ ಎಂದು ನೋಡಲು ಹಳೆಯ ಲ್ಯಾಬಿನ ಉಪಾಯವೊಂದಿದೆ, ನಿಮ್ಮ ಮನೆಯಲ್ಲೂ ಆಗುತ್ತದೆ. ಬಣ್ಣ ಹಾಕದ ಬಿಳಿ ಉಣ್ಣೆಯ ದಾರವನ್ನು ಬೆಲ್ಲದ ನೀರಿಗೆ ಸ್ವಲ್ಪ ವಿನಿಗರ್ ಹಾಕಿ ಅದರಲ್ಲಿ ಕುದಿಸಿ, ಹೊರತೆಗೆದು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬೆಲ್ಲದ ಸ್ವಂತ ಬಣ್ಣ ಹೆಚ್ಚಿನಂಶ ನೀರಿಗೆ ಬಿಟ್ಟುಹೋಗುತ್ತದೆ. ಮಂಚೂರಿಗೆ ಹಾಕುವ ಜಾತಿಯ ಬಣ್ಣವಾದರೆ ಉಣ್ಣೆಯನ್ನು ಹಿಡಿದು ಕೂರುತ್ತದೆ. ಹತ್ತಿ ದಾರ ಇದಕ್ಕೆ ಆಗುವುದಿಲ್ಲ. ಸುಟ್ಟ ಸಕ್ಕರೆಯಿಂದ ಕಪ್ಪು ಮಾಡಿದ್ದರೆ ಈ ಉಪಾಯವೂ ಹಿಡಿಯದು, ಆಗ ನಾಲಿಗೆ ನೋಡಬೇಕು. ತಳ ಹಿಡಿದ ಪಾಕದ ಕಹಿ ಗಂಟಲಲ್ಲಿ ಉಳಿಯುತ್ತದೆ. ಚೆನ್ನಾದ ಕಪ್ಪು ಬೆಲ್ಲದಲ್ಲಿ ಉಪ್ಪಿನ ಛಾಯೆ, ಕಬ್ಬಿನ ವಾಸನೆ ಇರುತ್ತದೆ, ಆದರೆ ಕಹಿ ಇರುವುದಿಲ್ಲ.

ಬೆಲ್ಲದಲ್ಲಿ ಸಕ್ಕರೆ ಬೆರೆತಿದ್ದರೆ ಲ್ಯಾಬಿನಲ್ಲಿ ಖಚಿತವಾಗಿ ಹೇಳಬಹುದಲ್ಲವೇ ಎಂದು ಕೇಳುತ್ತೀರಿ. ಅಷ್ಟು ಸುಲಭವಲ್ಲ. ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದರೆ ಇಂಗಾಲದ ಐಸೋಟೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಜೇನ್ನೊಣ ಹೋಗುವ ಹೂಗಿಡಗಳಲ್ಲಿ ಹೆಚ್ಚಿನವು ಒಂದು ಬಗೆಯಲ್ಲಿ, ಕಬ್ಬು ಇನ್ನೊಂದು ಬಗೆಯಲ್ಲಿ ಗಾಳಿಯಿಂದ ಇಂಗಾಲ ಹಿಡಿಯುವುದರಿಂದ ಎರಡರ ಗುರುತು ಬೇರೆ ಬೇರೆ. ಬೆಲ್ಲವೂ ಕಬ್ಬಿನದ್ದೇ, ಸಕ್ಕರೆಯೂ ಕಬ್ಬಿನದ್ದೇ. ಅಲ್ಲಿ ಆ ಪರೀಕ್ಷೆ ಕುರುಡು. ಸುಕ್ರೋಸ್ ಅಸಹಜವಾಗಿ ಹೆಚ್ಚು, ಬೂದಿ ಎಂದರೆ ಖನಿಜದಂಶ ಅಸಹಜವಾಗಿ ಕಡಿಮೆ ಎಂದು ನೋಡಿ ಊಹಿಸಬೇಕು, ಅಷ್ಟೇ. ತಾಳೆ ಬೆಲ್ಲದ ಕತೆ ಬೇರೆ. ತಾಳೆ, ತೆಂಗು ಎರಡೂ ಇಂಗಾಲ ಹಿಡಿಯುವ ವಿಷಯದಲ್ಲಿ ಹೂಗಿಡಗಳ ಕಡೆಯವು. ಅದಕ್ಕೆ ಕಬ್ಬಿನ ಸಕ್ಕರೆ ಬೆರೆಸಿದರೆ ಗೊತ್ತಾಗುತ್ತದೆ. ಪರೀಕ್ಷೆ ದುಬಾರಿ, ಆದರೆ ತಾಳೆ ಬೆಲ್ಲವೂ ಕಬ್ಬಿನ ಬೆಲ್ಲಕ್ಕಿಂತ ದುಬಾರಿ. ಅದನ್ನು ಪೆಟ್ಟಿಗೆಗಟ್ಟಲೆ ಮಾರುವವರು ನಿಮ್ಮ ಸಗಟುದಾರರನ್ನು ಒಮ್ಮೆಯಾದರೂ ವರದಿ ಕೇಳುವುದರಲ್ಲಿ ತಪ್ಪಿಲ್ಲ. ಮಡಕೆಯಲ್ಲಿ ನೀರಾ ಹುಳಿಯದಂತೆ ಒಳಮೈಗೆ ಸುಣ್ಣ ಬಳಿದಿರುತ್ತಾರೆ. ಹಾಗಾಗಿ ತಾಳೆ ಬೆಲ್ಲದಲ್ಲಿ ಸ್ವಲ್ಪ ಸುಣ್ಣದ ಗಸಿ ಕಂಡರೆ ಬೆಚ್ಚಬೇಡಿ.

ಗಿರಾಕಿ ತರುವ ಒಂದು ದೂರಿಗೂ ಉತ್ತರ ಬೇಕು: ‘ನಿಮ್ಮ ಬೆಲ್ಲ ಹಾಕಿದ ಕೂಡಲೇ ಪಾಯಸದ ಹಾಲು ಒಡೆದುಹೋಯಿತು, ಕೆಮಿಕಲ್ ಇರಬೇಕು.’ ಬೆಲ್ಲಕ್ಕೆ ತನ್ನದೇ ಹುಳಿ ಇದೆ, ಖನಿಜ ಇದೆ. ಕುದಿಯುವ ಹಾಲಿಗೆ ಬಿದ್ದರೆ ಶುದ್ಧವಾದ ಬೆಲ್ಲವೂ ಹಾಲನ್ನು ಒಡೆಯಬಲ್ಲದು. ತಮಾಷೆಯೆಂದರೆ, ಸೋಡಾ ಸುರಿದು ಹುಳಿ ಕೊಂದ ಬೆಲ್ಲವೇ ಹಾಲನ್ನು ಒಡೆಯದೆ ಬಿಡುವ ಸಾಧ್ಯತೆ ಹೆಚ್ಚು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ, ಒಲೆ ಆರಿಸಿ, ಪಾಯಸ ಆರಿದ ಮೇಲೆ ಸೇರಿಸಿ ಎಂದು ಹೇಳಿಕಳುಹಿಸಿ. ಹಾಲು ಒಡೆದದ್ದನ್ನು ಕಲಬೆರಕೆಯ ಸಾಕ್ಷಿ ಎಂದು ನೀವೂ ಒಪ್ಪಿಕೊಳ್ಳಬೇಡಿ.

ಇಷ್ಟೆಲ್ಲ ಲೋಟ, ದಾರ, ಪಟ್ಟಿ ಹಿಡಿದು ಕೂರುವುದಕ್ಕೆ ಹಬ್ಬದ ವಾರದಲ್ಲಿ ಸಮಯ ಎಲ್ಲಿ ಎನ್ನುತ್ತೀರಿ, ನನಗೂ ಗೊತ್ತು. ಪ್ರತಿ ಲಾಟಿಗೂ ಬೇಡ. ಹೊಸ ಸಗಟುದಾರ, ಇದ್ದಕ್ಕಿದ್ದಂತೆ ಅಗ್ಗವಾದ ಮಾಲು, ಮಳೆಗಾಲದಲ್ಲೂ ಬಣ್ಣ ಸ್ವಲ್ಪವೂ ಬದಲಾಗದ ಮಾಲು, ಈ ಮೂರಕ್ಕೆ ಮಾತ್ರ ಮಾಡಿ. ಉಳಿದದ್ದಕ್ಕೆ ಬಿಲ್ ಸಾಕು, ಆದರೆ ಸರಿಯಾದ ಬಿಲ್ ಬೇಕು. ಮಂಡಿಯ ಚೀಟಿಯಲ್ಲಿ ‘ಬೆಲ್ಲ, ಇಂತಿಷ್ಟು ಮೂಟೆ’ ಎಂದಿದ್ದರೆ ಅದರಿಂದ ನಿಮಗೆ ರಕ್ಷಣೆಯಿಲ್ಲ. ಮಾರುವವರು ಸರಕಿನ ಗುಣಮಟ್ಟಕ್ಕೆ ತಾವು ಹೊಣೆ ಎಂದು ಬರೆದುಕೊಡುವ ಖಾತರಿ, ಆಹಾರ ಪರವಾನಗಿ ನಿಯಮಗಳಲ್ಲಿ ‘ಫಾರಂ ಇ’ ಎಂದು ಕರೆಯುವುದು, ಬಿಲ್ಲಿನ ಮೇಲೆ ಇರಬೇಕು. ಅಧಿಕಾರಿಗಳು ನಿಮ್ಮ ಅಂಗಡಿಯಿಂದ ಮಾದರಿ ತೆಗೆದಾಗ ಆ ಕಾಗದವೇ ನಿಮ್ಮನ್ನು ಕಾಯುವುದು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಸೆಕ್ಷನ್ ಪ್ರಕಾರ ಗಿರಾಕಿಯೂ ನಿಮಗೆ ತಿಳಿಸಿ, ತಾನು ಕೊಂಡದ್ದನ್ನು ಪರೀಕ್ಷೆಗೆ ಕಳುಹಿಸಬಹುದು. ಅಂಥವರು ಬಂದರೆ ಜಗಳ ಮಾಡಬೇಡಿ, ಮಾದರಿ ಕೊಡಿ. ವರದಿಯ ಪ್ರತಿ ನಿಮಗೂ ಬೇಕೆಂದು ಕೇಳಿ.

ಡಬ್ಬಿಯ ಮೇಲಿನ ಚೀಟಿಯಲ್ಲಿ ಬಣ್ಣ ಬರೆಯುವುದರ ಬದಲು ಬೇರೆ ಸಂಗತಿ ಬರೆಯಿರಿ: ಬೆಲ್ಲ ಬಂದ ಊರು, ಮಾಡಿದ ತಿಂಗಳು, ಸುಣ್ಣ ಹಾಕಿದೆಯೇ, ಹೈಡ್ರೋಸ್ ಹಾಕಿದೆಯೇ. ಕೊನೆಯದಕ್ಕೆ ಸಗಟುದಾರ ‘ಗೊತ್ತಿಲ್ಲ’ ಎಂದರೆ ಚೀಟಿಯಲ್ಲೂ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಅದನ್ನು ಓದಿದ ಗಿರಾಕಿ ಬಿಟ್ಟುಹೋಗಬಹುದು. ಆ ಡಬ್ಬಿ ಹಾಗೆಯೇ ಕೂತರೆ ನಿಮ್ಮ ಸಗಟುದಾರನಿಗೂ, ಅವನ ಮೂಲಕ ಆಲೆಮನೆಗೂ ಸುದ್ದಿ ಮುಟ್ಟುತ್ತದೆ. ಪಟ್ಟಿಯಲ್ಲಿ ಮಿತಿ ಮೀರಿದ ಮೂಟೆ ಸಿಕ್ಕರೆ ಅದನ್ನು ದರ ಇಳಿಸಿ ಕಡಲೆ ಮಿಠಾಯಿಯವರಿಗೆ ದಾಟಿಸುವ ಹಳೆಯ ರೂಢಿ ಬೇಡ, ಮಕ್ಕಳ ಬಾಯಿಗೆ ಬೇಗ ಹೋಗುವುದು ಅದೇ. ಖಾತರಿ ಬಿಲ್ಲಿನ ಜತೆ ವಾಪಸು ಕಳುಹಿಸಿ, ಯಾಕೆ ಎಂದು ಚೀಟಿಯಲ್ಲಿ ಬರೆದು ಕಟ್ಟಿ.

ಇಂತಿ ನಿಮ್ಮವ,
ಕೊಪ್ಪರಿಗೆಯ ಪಕ್ಕ ಬೆಳೆದ, ಈಗ ನಿಮ್ಮ ಗಿರಾಕಿಯಾಗಿರುವ ಒಬ್ಬ